ಸತ್ತು ಬಂದವರ ವಿಡಿಯೋಗಳೂ ನಮ್ಮ ಈಮಾನೂ

ಸತ್ತು ಎದ್ದು ಬಂದವರ ವಿಡಿಯೋಗಳು ನಮ್ಮ ಕ್ಯಾಂಪುಗಳ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಿವೆ. ಯಾವುದೋ ದೇಶದ ಆಸ್ಪತ್ರೆ, ನಿಂತು ಹೋದ ಹೃದಯ, ಮೇಲಿನಿಂದ ತನ್ನದೇ ಮಯ್ಯತ್ ನೋಡಿದ ವ್ಯಕ್ತಿ, ಸುರಂಗ, ಬೆಳಕು, ಮತ್ತೆ ವಾಪಸ್. ಕೊನೆಗೆ ಒಂದು ಗಡಸು ಸ್ವರ: "ಈಗಲಾದರೂ ಆಖಿರತ್ತನ್ನು ನಂಬಿರಿ, ವಿಜ್ಞಾನವೇ ಒಪ್ಪಿಕೊಂಡಿದೆ." ಜುಮಾ ರಜೆಯ ದಿನ ರೂಮಿನಲ್ಲಿ ಮಲಗಿದವರು ಇದನ್ನು ನೋಡಿ ಊರಿನ ಉಮ್ಮನಿಗೂ ಕಳಿಸುತ್ತಾರೆ. ನಮ್ಮ ಕೆಲವು ಮಜ್ಲಿಸ್‌ಗಳಲ್ಲಿ ಭಾಷಣಕಾರರೂ ಇದನ್ನೇ ಕತೆ ಮಾಡಿ ಹೇಳುತ್ತಿದ್ದಾರೆ. ನಾವು ಇದನ್ನು ವಿರೋಧಿಸುತ್ತೇವೆ. ಆಖಿರತ್ತಿನಲ್ಲಿ ನಮಗೆ ಈಮಾನ್ ಇದೆ ಎಂಬ ಕಾರಣಕ್ಕೇ ವಿರೋಧಿಸುತ್ತೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇಂಥ ಅನುಭವಗಳು ಸುಳ್ಳು ಅಂತ ನಾವು ಹೇಳುತ್ತಿಲ್ಲ. ಸಾವಿನಂಚಿನ ಅನುಭವ ನಿಜವಾಗಿಯೂ ಆಗುತ್ತದೆ. ಅಮೆರಿಕದ ರೇಮಂಡ್ ಮೂಡಿ 1975ರಲ್ಲಿ ಇದರ ಬಗ್ಗೆ ಪುಸ್ತಕ ಬರೆದ ಮೇಲೆ ಜಗತ್ತಿನ ಗಮನ ಇದರತ್ತ ತಿರುಗಿತು. ಅಲ್ಲಿಂದ ವೈದ್ಯರೇ ಇದನ್ನು ದಾಖಲಿಸುತ್ತಾ ಬಂದಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಹೃದ್ರೋಗ ವೈದ್ಯ ಪಿಮ್ ವಾನ್ ಲೊಮ್ಮೆಲ್ ತಂಡ ಹತ್ತು ಆಸ್ಪತ್ರೆಗಳಲ್ಲಿ ಹೃದಯ ನಿಂತು ಮತ್ತೆ ಬದುಕಿದ 344 ಮಂದಿಯನ್ನು ಮಾತಾಡಿಸಿ 2001ರಲ್ಲಿ ವರದಿ ಕೊಟ್ಟಿತು. ಅವರಲ್ಲಿ 62 ಜನ, ಅಂದರೆ ನೂರಕ್ಕೆ 18, ಏನೋ ಒಂದು ಅನುಭವವನ್ನು ಹೇಳಿದರು. ಹೇಳಿದ್ದರಲ್ಲಿ ಹೋಲಿಕೆ ಇದೆ: ನೋವೆಲ್ಲ ಹೋದ ಒಂದು ಶಾಂತಿ, ದೇಹದ ಹೊರಗೆ ನಿಂತ ಹಾಗೆ, ಕತ್ತಲಿನ ದಾರಿ, ಬೆಳಕು, ತೀರಿಹೋದ ಬಂಧುಗಳು, ಬದುಕೆಲ್ಲ ಒಮ್ಮೆ ಕಣ್ಮುಂದೆ ಹಾದದ್ದು, ದಾಟಬಾರದ ಒಂದು ಗಡಿ, ಮನಸ್ಸಿಲ್ಲದ ಮನಸ್ಸಿನಿಂದ ವಾಪಸ್ ಬಂದದ್ದು. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಹೆಚ್ಚಿನವರಿಗೆ ಏನೂ ನೆನಪಿರುವುದಿಲ್ಲ. ವಿಡಿಯೋ ಮಾಡುವವರು ಆ ನೂರಕ್ಕೆ 82 ಜನರ ಸುದ್ದಿಯನ್ನೇ ಎತ್ತುವುದಿಲ್ಲ.

ನಮ್ಮ ತಕರಾರು "ಸತ್ತು ಬಂದ" ಅನ್ನುವ ಶಬ್ದದಿಂದಲೇ ಶುರು. ಹೃದಯ ನಿಂತರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಮೆದುಳಿನ ವಿದ್ಯುತ್ ಅಲೆ ತೋರಿಸುವ ಇಇಜಿ ಯಂತ್ರದಲ್ಲೂ ಗೆರೆ ಬೇಗನೆ ಚಪ್ಪಟೆಯಾಗುತ್ತದೆ. ಡಾಕ್ಟರರ ಭಾಷೆಯಲ್ಲಿ ಇದನ್ನು ಕ್ಲಿನಿಕಲ್ ಡೆತ್ ಅನ್ನುವುದುಂಟು. ಆದರೆ ಆಗ ಮೆದುಳಿನ ಜೀವಕೋಶಗಳು ಸತ್ತಿರುವುದಿಲ್ಲ. ಎದೆ ಒತ್ತುತ್ತಿದ್ದರೆ ಅಲ್ಪಸ್ವಲ್ಪ ರಕ್ತ ಮೆದುಳಿಗೆ ಹೋಗುತ್ತಲೂ ಇರುತ್ತದೆ. ನ್ಯೂಯಾರ್ಕಿನ ಸ್ಯಾಮ್ ಪಾರ್ನಿಯಾ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆ ಒತ್ತುತ್ತಿರುವಾಗಲೇ ಕೆಲವರ ಇಇಜಿಯಲ್ಲಿ ಎಚ್ಚರದ ಸ್ಥಿತಿಯನ್ನು ಹೋಲುವ ಅಲೆಗಳು ಮರಳಿ ಬಂದವು, ಅದೂ ಅರ್ಧ ಗಂಟೆ ದಾಟಿದ ಮೇಲೂ. ಹಾಗಾಗಿ ಸತ್ತ ಅಂತ ವಿಡಿಯೋ ಯಾರನ್ನು ತೋರಿಸುತ್ತದೋ ಆತ ಸಾಯುವ ದಾರಿಯಲ್ಲಿದ್ದವನು. ಸಾವಿನ ಆಚೆ ಹೋದವನಲ್ಲ.

ಇದು ಡಾಕ್ಟರರ ಮಾತು ಮಾತ್ರವಲ್ಲ, ದೀನಿನ ಮಾತೂ ಹೌದು. ಮಲಕುಲ್ ಮೌತ್ ರೂಹ್ ತೆಗೆದ ಮೇಲೆ ಮನುಷ್ಯನ ಮುಂದೆ ಬರ್ಝಖ್ ಇದೆ, ಅದು ಪುನರುತ್ಥಾನದ ದಿನದವರೆಗಿನ ತಡೆ ಎಂದು ಸೂರತುಲ್ ಮುಅ್‌ಮಿನೂನ್ ಹೇಳುವುದನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ವಾಪಸ್ ಬಂದನೆಂದರೆ ಆತ ತಡೆಯ ಈಚೆಯೇ ಇದ್ದ. "ನೂರು ವರ್ಷ ಸತ್ತಿದ್ದು ಅಲ್ಲಾಹನ ಅಪ್ಪಣೆಯಿಂದ ಎದ್ದವರ ಕತೆ ಸೂರತುಲ್ ಬಖರದಲ್ಲಿ ಇಲ್ವಾ?" ಅಂತ ಒಬ್ಬರು ನಮ್ಮನ್ನು ಕೇಳಿದರು. ಇದೆ. ಎಷ್ಟು ಹೊತ್ತು ಹೀಗಿದ್ದೆ ಎಂದು ಕೇಳಿದಾಗ ಆತ ಹೇಳಿದ್ದೇನು? ಒಂದು ದಿನವೋ, ಅದಕ್ಕಿಂತ ಕಡಿಮೆಯೋ ಎಂದು. ಸುರಂಗ ಕಂಡೆ ಎನ್ನಲಿಲ್ಲ, ಬೆಳಕು ಕಂಡೆ ಎನ್ನಲಿಲ್ಲ. ಪರಲೋಕದ ವರದಿ ತರುವುದು ಆತನ ಕೆಲಸವೇ ಆಗಿರಲಿಲ್ಲ. ಯೂಟ್ಯೂಬಿನವನಿಗೆ ಸಿಕ್ಕಿದ ವರದಿ ಆತನಿಗೆ ಸಿಗಲಿಲ್ಲ ಅಂತ ನಂಬಬೇಕೇನು?

ಈಗ ಈ ವಿಷಯದಲ್ಲಿ ಅತಿ ಹೆಚ್ಚು ಹೇಳಲಾಗುವ ಕತೆಯನ್ನೇ ಬಿಚ್ಚಿ ನೋಡೋಣ. ಅದು ಪ್ಯಾಮ್ ರೆನಾಲ್ಡ್ಸ್ ಎಂಬ ಅಮೆರಿಕದ ಗಾಯಕಿಯದು. 1991ರಲ್ಲಿ, 35ನೇ ವಯಸ್ಸಿನಲ್ಲಿ, ಅವರ ಮೆದುಳಿನ ಬುಡದ ರಕ್ತನಾಳದಲ್ಲಿ ದೊಡ್ಡದೊಂದು ಗುಳ್ಳೆ ಉಬ್ಬಿತ್ತು. ಒಡೆದರೆ ಸಾವು. ಅರಿಜೋನಾದ ಫೀನಿಕ್ಸ್ ನಗರದಲ್ಲಿ ರಾಬರ್ಟ್ ಸ್ಪೆಟ್ಜ್ಲರ್ ಎಂಬ ಶಸ್ತ್ರವೈದ್ಯರು ಒಂದು ಸಾಹಸದ ಆಪರೇಷನ್ ಮಾಡಿದರು. ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ದೇಹವನ್ನು ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರು, ಹೃದಯ ನಿಲ್ಲಿಸಿದರು, ತಲೆಯಿಂದ ರಕ್ತ ಬಸಿದರು. ಗುಳ್ಳೆ ಮೆತ್ತಗಾದ ಮೇಲೆ ಸರಿಪಡಿಸಿ ಮತ್ತೆ ರಕ್ತ ಬಿಟ್ಟು ಬೆಚ್ಚಗೆ ಮಾಡಿದರು. ಕಣ್ಣಿಗೆ ಟೇಪ್ ಹಾಕಿತ್ತು. ಕಿವಿಗೆ ಅಚ್ಚು ಹಾಕಿ ಕೂರಿಸಿದ ಇಯರ್‌ಫೋನಿನಲ್ಲಿ ಜೋರಾದ ಟಿಕ್ ಟಿಕ್ ಸದ್ದು ಬಿಡುತ್ತಿದ್ದರು. ಮೆದುಳಕಾಂಡ ಆ ಸದ್ದಿಗೂ ಪ್ರತಿಕ್ರಿಯಿಸದಿದ್ದರೆ ಮೆದುಳು ಪೂರ್ತಿ ಮೌನವಾಗಿದೆ ಅಂತ ಗೊತ್ತಾಗಲು ಹಾಗೆ.

ಬದುಕಿ ಎದ್ದ ಪ್ಯಾಮ್ ಹೇಳಿದ ಕತೆ ಎಲ್ಲರನ್ನೂ ಬೆರಗುಗೊಳಿಸಿತು. ತಲೆಬುರುಡೆ ಕೊಯ್ಯುವ ಗರಗಸದ ಸದ್ದು ಕೇಳಿಸಿತು, ತಾನು ಮೇಲಿನಿಂದ ನೋಡುತ್ತಿದ್ದೆ, ಅದು ಎಲೆಕ್ಟ್ರಿಕ್ ಟೂತ್‌ಬ್ರಷ್ ಥರ ಇತ್ತು, ಅದರ ಬ್ಲೇಡುಗಳು ಪಾನಾ ಸೆಟ್ಟಿನ ಪೆಟ್ಟಿಗೆಯಂಥದರಲ್ಲಿ ಇದ್ದವು. ಒಬ್ಬ ಹೆಂಗಸು ರಕ್ತನಾಳ ಸಣ್ಣದಾಯಿತು ಅಂದದ್ದು ಕೇಳಿಸಿತು. ಆಮೇಲೆ ಬೆಳಕು, ತೀರಿಹೋದ ಅಜ್ಜಿ, ಚಿಕ್ಕಪ್ಪ, ವಾಪಸ್. ಗರಗಸ ನಿಜಕ್ಕೂ ಹಾಗೆಯೇ ಇತ್ತು. ತೊಡೆಸಂದಿನಲ್ಲಿ ಕೊಳವೆ ಹಾಕುವಾಗ ಒಂದು ಬದಿಯ ರಕ್ತನಾಳ ಸಣ್ಣದಿದ್ದದ್ದೂ, ವೈದ್ಯೆ ಅದನ್ನು ಹೇಳಿದ್ದೂ ನಿಜ. ಹೃದ್ರೋಗ ವೈದ್ಯ ಮೈಕಲ್ ಸೇಬಮ್ ಇದನ್ನೆಲ್ಲ 1998ರ ತಮ್ಮ ಪುಸ್ತಕದಲ್ಲಿ ಬರೆದರು. ಮೆದುಳು ಸತ್ತಿರುವಾಗ ನೋಡಿದಳು, ಕೇಳಿದಳು ಅಂತ ಭಾಷಣಕಾರರು ಅಲ್ಲಿಂದ ಎತ್ತಿಕೊಂಡರು.

ಆದರೆ ಅದೇ ಸೇಬಮ್ ಪುಸ್ತಕದಲ್ಲಿ ಆಪರೇಷನ್ನಿನ ಸಮಯವೂ ಇದೆ. ಅದನ್ನು ಯಾರೂ ಓದಿ ಹೇಳುವುದಿಲ್ಲ. ಬೆಳಗ್ಗೆ ಏಳು ಕಾಲಕ್ಕೆ ಅವರನ್ನು ಆಪರೇಷನ್ ಕೋಣೆಗೆ ತಂದರು. ಗರಗಸ ಶುರುವಾದದ್ದು 8:40ರ ಹೊತ್ತಿಗೆ. ರಕ್ತನಾಳ ಸಣ್ಣದೆಂಬ ಮಾತು ನಡೆದದ್ದೂ ಆ ಹೊತ್ತಿನಲ್ಲೇ. ದೇಹ ತಣಿಸಲು ಆರಂಭಿಸಿದ್ದು 10:50ಕ್ಕೆ. ಹೃದಯ ನಿಂತದ್ದು 11:05ಕ್ಕೆ. ತಲೆಯಿಂದ ರಕ್ತ ಬಸಿದದ್ದು 11:25ರ ಹೊತ್ತಿಗೆ. ಲೆಕ್ಕ ಹಾಕಿ ನೋಡಿ. ಪ್ಯಾಮ್ ಗರಗಸದ ಸದ್ದು ಕೇಳಿದಾಗ ಅವರ ಹೃದಯ ಚೆನ್ನಾಗಿ ಬಡಿಯುತ್ತಿತ್ತು, ಮೈ ಬೆಚ್ಚಗಿತ್ತು, ಮೆದುಳಿಗೆ ರಕ್ತ ಹೋಗುತ್ತಿತ್ತು. ಹೃದಯ ನಿಲ್ಲಲು ಇನ್ನೂ ಎರಡು ಗಂಟೆಗೂ ಹೆಚ್ಚು ಸಮಯ ಬಾಕಿ ಇತ್ತು. ಪರಿಶೀಲಿಸಿ ನಿಜ ಅಂತ ಹೇಳಬಹುದಾದ ಮಾತುಗಳೆಲ್ಲ ಆಕೆ ಬದುಕಿದ್ದ ಹೊತ್ತಿನವು.

ಆಗ ಆಕೆ ಅರಿವಳಿಕೆಯಲ್ಲಿದ್ದರು ಅಲ್ವಾ ಅಂತ ಕೇಳಬಹುದು. ಇದ್ದರು. ಆದರೆ ಅರಿವಳಿಕೆ ಕೊಟ್ಟಾಗಲೂ ಅಪರೂಪಕ್ಕೆ ಕೆಲವರಿಗೆ ಒಳಗೊಳಗೆ ಎಚ್ಚರ ಇರುತ್ತದೆ. ಮೈ ಅಲ್ಲಾಡಿಸಲಾಗದು, ನೋವು ಗೊತ್ತಾಗದು, ಕಿವಿ ಮಾತ್ರ ಕೆಲಸ ಮಾಡುತ್ತಿರುತ್ತದೆ. ಅರಿವಳಿಕೆ ತಜ್ಞ ಜೆರಾಲ್ಡ್ ವೂರ್ಲೀ ಇಲ್ಲಿ ಆದದ್ದು ಇದೇ ಎಂದು ವಾದಿಸಿದ್ದಾರೆ. ತಲೆಬುರುಡೆಗೇ ತಗುಲಿದ ಗರಗಸದ ಸದ್ದು ಮೂಳೆಯ ಮೂಲಕವೇ ಒಳಕಿವಿಗೆ ಹೋಗುತ್ತದೆ, ಇಯರ್‌ಫೋನ್ ಅದನ್ನು ತಡೆಯದು. ಹಲ್ಲಿನ ಡಾಕ್ಟರರ ಡ್ರಿಲ್ ಕೇಳಿದವರಿಗೆ ಅಂಥದೊಂದು ಯಂತ್ರದ ಚಿತ್ರ ಮನಸ್ಸಿನಲ್ಲಿ ಮೂಡುವುದು ಕಷ್ಟವಲ್ಲ. ನಂಬುವವರು ಇದನ್ನು ಒಪ್ಪುವುದಿಲ್ಲ. ಅಷ್ಟು ಜೋರಿನ ಟಿಕ್ ಸದ್ದಿನ ನಡುವೆ ಮಾತು ಕೇಳಿಸೀತೇ, ಪೆಟ್ಟಿಗೆಯ ಬ್ಲೇಡು ಹೇಗೆ ಗೊತ್ತಾಯಿತು ಅನ್ನುತ್ತಾರೆ. ಆ ಪ್ರಶ್ನೆ ಹಾಗೇ ಉಳಿಯಲಿ, ನಮ್ಮ ಅಭ್ಯಂತರವಿಲ್ಲ. ಆದರೆ ಅದು ಮಲಗಿರುವ ಜೀವಂತ ಮನುಷ್ಯನ ಬಗೆಗಿನ ಪ್ರಶ್ನೆ. ಸತ್ತವನ ಬಗೆಗಿನ ಪ್ರಶ್ನೆಯಲ್ಲ.

ಮತ್ತೆ ಬೆಳಕು, ಅಜ್ಜಿ? ಅವು ಎಷ್ಟು ಗಂಟೆಗೆ ಆದವು ಅಂತ ಯಾರಿಗೂ ಗೊತ್ತಿಲ್ಲ. ನೆನಪಿನ ಮೇಲೆ ಸಮಯದ ಮುದ್ರೆ ಇರುವುದಿಲ್ಲ. ಹೃದಯ ನಿಲ್ಲುವ ಮುಂಚೆಯೂ ಆಗಿರಬಹುದು, ಬೆಚ್ಚಗಾಗುತ್ತಾ ಮೆದುಳು ಮತ್ತೆ ಹತ್ತಿಕೊಳ್ಳುವಾಗಲೂ ಆಗಿರಬಹುದು, ರಕ್ತವಿಲ್ಲದ ನಡುವಿನ ಹೊತ್ತಿನಲ್ಲೂ ಆಗಿರಬಹುದು. ಮೂರರಲ್ಲಿ ಯಾವುದೆಂದು ನಂಬುವವರೂ ತೋರಿಸಲಾರರು, ಸಂಶಯಿಸುವವರೂ ತೋರಿಸಲಾರರು. ಇಡೀ ಜಗಳ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಯಾವ ನಿಮಿಷ?

ಇದಕ್ಕೆ ಉತ್ತರ ಹುಡುಕಲು ಪಾರ್ನಿಯಾ ಒಂದು ಒಳ್ಳೆಯ ಉಪಾಯ ಮಾಡಿದ್ದರು. 2008ರಿಂದ ಬ್ರಿಟನ್, ಅಮೆರಿಕ, ಆಸ್ಟ್ರಿಯಾಗಳ 15 ಆಸ್ಪತ್ರೆಗಳಲ್ಲಿ, ಚಾವಣಿಯ ಹತ್ತಿರ ಕಪಾಟಿನಂತೆ ಹಲಗೆ ಹೊಡೆಸಿ ಅದರ ಮೇಲ್ಮುಖಕ್ಕೆ ಚಿತ್ರ ಇಟ್ಟರು. ಹಾಸಿಗೆಯಲ್ಲಿ ಮಲಗಿದವನಿಗೆ, ನಿಂತ ಡಾಕ್ಟರಿಗೆ ಅದು ಕಾಣದು. ನಿಜವಾಗಿ ಮೇಲೆ ತೇಲಿದವನಿಗೆ ಮಾತ್ರ ಕಾಣಬೇಕು. ಎಷ್ಟು ಸರಳ ಪರೀಕ್ಷೆ! ನಾಲ್ಕು ವರ್ಷದಲ್ಲಿ 2060 ಮಂದಿಗೆ ಹೃದಯ ನಿಂತಿತು. ಮಾತಾಡುವ ಸ್ಥಿತಿಗೆ ಬಂದು ಸಂದರ್ಶನ ಕೊಟ್ಟವರು 140. ವಿವರವಾದ ಸಂದರ್ಶನ ಪೂರ್ತಿ ಮಾಡಿದವರು 101. ಅವರಲ್ಲಿ ಒಂಬತ್ತು ಮಂದಿಗೆ ಸಾವಿನಂಚಿನ ಅನುಭವ ಆಗಿತ್ತು. ನೋಡಿದೆ ಕೇಳಿದೆ ಅಂತ ಸ್ಪಷ್ಟವಾಗಿ ಹೇಳಿದವರು ಇಬ್ಬರು. ಅದರಲ್ಲಿ ಒಬ್ಬರು ಹೇಳಿದ್ದನ್ನು ಮಾತ್ರ ಪರಿಶೀಲಿಸಲು ಆಯಿತು. ಅವರು ಶಾಕ್ ಕೊಡುವ ಯಂತ್ರದ ಧ್ವನಿಯನ್ನು ಹೇಳಿದರು, ಕೋಣೆಯಲ್ಲಿದ್ದವರನ್ನು ವಿವರಿಸಿದರು. ಅದು ಸರಿಯಿತ್ತು. ಮೂರು ನಿಮಿಷದಷ್ಟು ಹೊತ್ತು ಎಚ್ಚರ ಇದ್ದಿರಬೇಕು ಅನ್ನುವ ಅಂದಾಜು. ಆದರೆ ಆ ಕೋಣೆಯಲ್ಲಿ ಹಲಗೆಯೇ ಇರಲಿಲ್ಲ! ಐದರಲ್ಲಿ ನಾಲ್ಕರಷ್ಟು ಹೃದಯ ಸ್ತಂಭನಗಳು ಹಲಗೆ ಇಲ್ಲದ ಜಾಗದಲ್ಲೇ ಆಗಿದ್ದವು. ಚಿತ್ರ ಯಾರೂ ಕಾಣಲಿಲ್ಲ. ಕಾಣಲಾರರು ಎಂದೂ ಸಾಬೀತಾಗಲಿಲ್ಲ. ಅಷ್ಟು ದೊಡ್ಡ ಪ್ರಯತ್ನದ ಕೊನೆಗೆ ಉಳಿದದ್ದು ಒಬ್ಬನ ಮಾತು. "ವಿಜ್ಞಾನ ಒಪ್ಪಿದೆ" ಅನ್ನುವವರು ಈ 2014ರ ವರದಿಯನ್ನೇ ತೋರಿಸುತ್ತಾರೆ.

ಇನ್ನೊಂದು ವಿಷಯ ನಮ್ಮ ಭಾಷಣಕಾರರಿಗೆ ನುಂಗಲು ಕಷ್ಟವಾಗುವಂಥದು. ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ, ಅಮೆರಿಕದ ಇಯಾನ್ ಸ್ಟೀವನ್‌ಸನ್ ಜೊತೆ ಸೇರಿ ಭಾರತದ 16 ಪ್ರಕರಣಗಳನ್ನು 1986ರಲ್ಲಿ ಪ್ರಕಟಿಸಿದರು. ಅಲ್ಲಿ ಸುರಂಗ ಇಲ್ಲ. ದೂತರು ಬಂದು ಹಿಡಿದುಕೊಂಡು ಹೋಗುತ್ತಾರೆ, ಲೆಕ್ಕದ ಪುಸ್ತಕ ಹಿಡಿದು ಕೂತವನ ಮುಂದೆ ನಿಲ್ಲಿಸುತ್ತಾರೆ. ಆತ ಪುಸ್ತಕ ನೋಡಿ "ಇವನಲ್ಲ, ತಪ್ಪಾಗಿದೆ, ಅದೇ ಹೆಸರಿನ ಇನ್ನೊಬ್ಬನನ್ನು ತನ್ನಿ" ಅನ್ನುತ್ತಾನೆ. ಹಾಗೆ ಇವನು ವಾಪಸ್. ಹೇಳಿದವರು ಸುಳ್ಳುಗಾರರಲ್ಲ. ಅಮೆರಿಕದವಳಷ್ಟೇ ಪ್ರಾಮಾಣಿಕವಾಗಿ, ಅಷ್ಟೇ ಖಚಿತವಾಗಿ ಹೇಳಿದ್ದಾರೆ. ಅನುಭವವೇ ಪುರಾವೆ ಎನ್ನುವುದಾದರೆ ಯಮನ ಕಚೇರಿಯ ಗುಮಾಸ್ತನ ತಪ್ಪಿಗೂ ಅದೇ ಪುರಾವೆ. ಮಲಕುಲ್ ಮೌತಿಗೆ ವಿಳಾಸ ತಪ್ಪುತ್ತದೆ ಅಂತ ನಾವು ಒಪ್ಪುತ್ತೇವಾ? ಒಪ್ಪುವುದಿಲ್ಲವಾದರೆ ಬೆಳಕು ಕಂಡವಳ ಕತೆಯನ್ನು ಮಾತ್ರ ಆರಿಸಿ ಮಿಂಬರಿನ ಹತ್ತಿರ ತರುವುದು ಯಾವ ನ್ಯಾಯ? ನೆರೆಮನೆಯ ಪೂಜಾರಿಯವರ ಅಜ್ಜ ಹೇಳಿದ ಕತೆಗೆ ನಕ್ಕು, ಅರಿಜೋನಾದ ಕತೆಗೆ ಸುಬ್‌ಹಾನಲ್ಲಾಹ್ ಅನ್ನುವುದು ತಕ್ಕಡಿಯಲ್ಲಿ ಕೈ ಇಟ್ಟಂತೆ.

ಮುಸ್ಲಿಮರ ಅನುಭವಗಳು ಎಲ್ಲಿ ಅಂತಲೂ ಹುಡುಕಿದ್ದಾರೆ. ಕ್ರೆಪ್ಸ್ ಎಂಬ ಸಂಶೋಧಕರು 2005ರ ಭೂಕಂಪ ನಡೆದ ಪಾಕಿಸ್ತಾನದ ಪ್ರದೇಶಕ್ಕೂ ಹೋಗಿ ಕೇಳಿದರು. ಸಿಕ್ಕಿದ್ದು ಬಹಳ ಕಡಿಮೆ. ಆಗಿಲ್ಲವೋ, ಆದವರು ಬಾಯಿ ಬಿಡಲಿಲ್ಲವೋ ಹೇಳುವುದು ಕಷ್ಟ. ಎರಡನೆಯದಕ್ಕೆ ಕಾರಣಗಳಿವೆ, ಅದಕ್ಕೆ ಮುಂದೆ ಬರುತ್ತೇವೆ.

ಇಷ್ಟು ಓದಿ ನಮ್ಮ ಯುಕ್ತಿವಾದಿ ಗೆಳೆಯರು ಖುಷಿಪಡುವುದು ಬೇಡ. ಅವರದ್ದೂ ಅವಸರವೇ. "ಆಕ್ಸಿಜನ್ ಕಡಿಮೆಯಾದಾಗ ಮೆದುಳು ಮಾಡುವ ಆಟ, ಮುಗಿಯಿತು" ಅನ್ನುತ್ತಾರೆ. ವಾನ್ ಲೊಮ್ಮೆಲ್ ಕೇಳಿದ 344 ಮಂದಿಗೂ ಹೃದಯ ನಿಂತಿತ್ತು, ಎಲ್ಲರಿಗೂ ಆಕ್ಸಿಜನ್ ಕಡಿಮೆಯಾಗಿತ್ತು. ಹಾಗಿದ್ದರೆ ಅನುಭವ ನೂರಕ್ಕೆ 18 ಜನರಿಗೆ ಮಾತ್ರ ಯಾಕೆ? ಆಮೇಲೆ ಮಿಷಿಗನ್ನಿನ ಜಿಮೊ ಬೋರ್ಜಿಗಿನ್ ಅವರ ಪ್ರಯೋಗ ತೋರಿಸುತ್ತಾರೆ. 2013ರಲ್ಲಿ ಇಲಿಗಳ ಹೃದಯ ನಿಲ್ಲಿಸಿದಾಗ ಕೆಲವು ಸೆಕೆಂಡು ಮೆದುಳಿನಲ್ಲಿ ಗಾಮಾ ಎಂಬ ವೇಗದ ಅಲೆಗಳು ಉಕ್ಕಿದವು. 2023ರಲ್ಲಿ ಸಾಯುತ್ತಿದ್ದ ನಾಲ್ವರು ರೋಗಿಗಳಲ್ಲಿ ಇಬ್ಬರಿಗೆ ಅದೇ ಕಂಡಿತು. ಇದು ಗಟ್ಟಿ ಕೆಲಸ, ಸಾಯುವ ಮೆದುಳು ಸುಮ್ಮನೆ ಆರಿ ಹೋಗುವುದಿಲ್ಲ ಎಂದು ಇದರಿಂದ ತಿಳಿಯಿತು. ಆದರೆ ಇಲಿ ತಾನೇನು ಕಂಡೆ ಅಂತ ಹೇಳಲಿಲ್ಲ. ಆ ಇಬ್ಬರು ರೋಗಿಗಳು ಬದುಕಿ ಉಳಿಯಲಿಲ್ಲ. ಅಲೆ ಉಕ್ಕಿದ್ದಕ್ಕೂ ಬೆಳಕು ಕಂಡದ್ದಕ್ಕೂ ನಡುವೆ ಇರುವ ಗೆರೆಯನ್ನು ಎಳೆದವರು ಭಾಷಣ ಮಾಡುವವರು. ಅಲೆ ಇದೆ ಎಂದರೆ ರೂಹ್ ಇಲ್ಲ ಎಂದೂ ಆಗುವುದಿಲ್ಲ. ಅಳುವಾಗ ಮೆದುಳಿನಲ್ಲಿ ಏನಾಗುತ್ತದೆಂದು ತೋರಿಸಿದರೆ, ಅಳಲು ಕಾರಣವಾದ ಸಾವು ಆಗಲೇ ಇಲ್ಲ ಅಂತ ಸಾಬೀತಾಗುತ್ತದಾ?

ಇಷ್ಟೆಲ್ಲ ಯಾಕೆ ಬರೆಯಬೇಕಾಯಿತು ಎಂದರೆ, ಈ ವಿಡಿಯೋಗಳಿಂದ ನಮ್ಮ ನಡುವಿನ ಜನಕ್ಕೇ ಪೆಟ್ಟಾಗುತ್ತಿದೆ. ಆಸ್ಪತ್ರೆ ಭೇಟಿಗೆ ಹೋಗುವ ನಮ್ಮ ಸದಸ್ಯರು ಕಂಡ ಒಂದು ಸಂಗತಿ ಹೇಳುತ್ತೇವೆ, ಹೆಸರು ಊರು ಬೇಡ. ನಮ್ಮ ಊರ ಕಡೆಯ ಒಬ್ಬ ಡ್ರೈವರ್, ಐವತ್ತು ದಾಟಿದವರು. ಕೆಲಸದ ಜಾಗದಲ್ಲಿ ಹೃದಯ ನಿಂತು, ಸಹಕೆಲಸಗಾರರು ಎದೆ ಒತ್ತಿ, ಆಂಬುಲೆನ್ಸಿನವರು ಶಾಕ್ ಕೊಟ್ಟು ಉಳಿಸಿದರು. ಕ್ಯಾಂಪಿಗೆ ಬಂದ ಮೇಲೆ ರೂಮಿನವರ ಹತ್ತಿರ ಒಂದು ರಾತ್ರಿ ಹೇಳಿದರಂತೆ: "ನನಗೆ ಬೆಳಕೇನೂ ಕಾಣ್ಲಿಲ್ಲ. ಕತ್ತಲೆ. ತಳ ಇಲ್ಲದ ಕತ್ತಲೆ. ಯಾರೂ ಇರ್ಲಿಲ್ಲ." ಕೇಳಿದವರಲ್ಲಿ ಒಬ್ಬ ಆ ವಿಡಿಯೋಗಳನ್ನು ನೋಡಿದವನು. "ಕಾಕ, ಒಳ್ಳೆಯವರಿಗೆ ಬೆಳಕು ಕಾಣ್ತದೆ. ನೀವು ತೌಬಾ ಮಾಡಿ" ಅಂದ. ಆಮೇಲೆ ಅವರಿಗೆ ನಿದ್ದೆ ಇಲ್ಲ. ದೀಪ ಆರಿಸಲು ಬಿಡುವುದಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ಹೇಗೂ ತನ್ನ ಜಾಗ ಗೊತ್ತಾಗಿದೆಯಲ್ಲ ಅಂತ. ಊರಿಗೆ ಫೋನ್ ಮಾಡಿ ಮಗಳ ಹತ್ತಿರ ಮಾಫ್ ಕೇಳುತ್ತಿದ್ದರು, ಆ ಹುಡುಗಿಗೆ ಯಾಕೆಂದೇ ಗೊತ್ತಿಲ್ಲ.

ಕತ್ತಲೆಯ, ಭಯದ ಅನುಭವಗಳೂ ಇವೆ. ಬ್ರೂಸ್ ಗ್ರೇಸನ್ ಮತ್ತು ನ್ಯಾನ್ಸಿ ಇವಾನ್ಸ್ ಬುಷ್ 1992ರಲ್ಲೇ ಅಂಥ 50 ಪ್ರಕರಣಗಳನ್ನು ವಿಂಗಡಿಸಿ ಬರೆದಿದ್ದಾರೆ, ಅದರಲ್ಲಿ ಒಂದು ಬಗೆ ಇದೇ, ಯಾರೂ ಏನೂ ಇಲ್ಲದ ಶೂನ್ಯ. ಯಾರಿಗೆ ಬೆಳಕು, ಯಾರಿಗೆ ಕತ್ತಲೆ ಎಂಬುದನ್ನು ಅವರವರ ನಡತೆ ನೋಡಿ ಹೇಳಲು ಯಾರಿಂದಲೂ ಆಗಿಲ್ಲ. ಒಬ್ಬನ ಅಂತ್ಯದ ತೀರ್ಪು ರೂಮಿನ ಮಂಚದ ಮೇಲೆ ಕೂತವನ ಕೈಯಲ್ಲಿ ಇಲ್ಲ ಅನ್ನುವುದಂತೂ ದೀನಿನ ಅ ಆ ಇ ಈ.

ಇದಾದ ಮೇಲೆ ಯಾರು ಬಾಯಿ ಬಿಡುತ್ತಾರೆ? ಬೆಳಕು ಕಂಡವನನ್ನು ವಲಿಯ ಥರ ನೋಡಿ ಮತ್ತೆ ಮತ್ತೆ ಕತೆ ಹೇಳಿಸುತ್ತಾರೆ, ಕತ್ತಲೆ ಕಂಡವನಿಗೆ ಜಿನ್ನ್ ಹಿಡಿದಿದೆ ಅಥವಾ ತಲೆ ಕೆಟ್ಟಿದೆ ಎನ್ನುತ್ತಾರೆ. ಎರಡೂ ಬೇಡ ಅಂತ ಹೆಚ್ಚಿನವರು ಸುಮ್ಮನಾಗುತ್ತಾರೆ. ಆಸ್ಪತ್ರೆಯಲ್ಲೂ ಕೇಳುವವರಿಲ್ಲ, ಭಾಷೆ ಬರುವುದಿಲ್ಲ. ಅಂಥವರನ್ನು ನೋಡಲು ಹೋಗುವವರಿಗೆ ಒಂದು ಗುರುತು ಗೊತ್ತಿರಲಿ. ಐಸಿಯುನಲ್ಲಿ ಆಗುವ ಗೊಂದಲ ಬೇರೆ. ಅದರಲ್ಲಿ ರೋಗಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ, ನರ್ಸ್ ವಿಷ ಕೊಡುತ್ತಿದ್ದಾಳೆ ಎನ್ನುತ್ತಾನೆ, ಗಂಟೆಗೊಂದು ಮಾತು, ಮತ್ತೆ ಮರೆತುಬಿಡುತ್ತಾನೆ. ಆಗ ಕೂಡಲೇ ಡಾಕ್ಟರಿಗೆ ಹೇಳಬೇಕು, ಅದಕ್ಕೆ ಚಿಕಿತ್ಸೆ ಇದೆ. ಸಾವಿನಂಚಿನ ಅನುಭವ ಹೇಳುವವನು ಹಾಗಲ್ಲ. ಆತನಿಗೆ ಈಗ ಪೂರ್ತಿ ಎಚ್ಚರ ಇರುತ್ತದೆ. ಕತೆಗೆ ಒಂದು ಕ್ರಮ ಇರುತ್ತದೆ. ವರ್ಷ ಕಳೆದು ಕೇಳಿದರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾನೆ. ಡಚ್ಚರು ಎರಡು ವರ್ಷ, ಎಂಟು ವರ್ಷ ಬಿಟ್ಟು ಮತ್ತೆ ಕೇಳಿ ಇದನ್ನು ನೋಡಿದ್ದಾರೆ.

ಆ ಡ್ರೈವರ್ ಕಾಕನ ಹತ್ತಿರ ನಮ್ಮಲ್ಲಿ ಇಬ್ಬರು ಮೂರು ಶುಕ್ರವಾರ ಕೂತರು. ವಿಡಿಯೋ ತೋರಿಸಲಿಲ್ಲ, ಅರ್ಥ ಹೇಳಲಿಲ್ಲ. ಹೃದಯ ನಿಂತರೆ ಮೆದುಳಿಗೆ ಏನಾಗುತ್ತದೆ ಅನ್ನುವುದನ್ನು ಊರಿನ ಒಬ್ಬ ಡಾಕ್ಟರ್ ಬ್ಯಾರಿ ಭಾಷೆಯಲ್ಲೇ ಫೋನಿನಲ್ಲಿ ವಿವರಿಸಿದರು. ನೀವು ಸತ್ತಿರಲಿಲ್ಲ ಅನ್ನುವ ಮಾತಿಗೆ ಕಾಕ ತುಂಬ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ನೋಡಿದ್ದು ಖಬರ್ ಅಲ್ವಾ?" ಅಂತ ಕೇಳಿದರಂತೆ. ಉಸ್ತಾದರೂ ಅಲ್ಲ ಅಂದರು. ಮಾತ್ರೆ ಮತ್ತೆ ಶುರುವಾಗಿದೆ. ದೀಪ ಇನ್ನೂ ಆರಿಸಲು ಬಿಡುತ್ತಿಲ್ಲ, ರೂಮಿನವರು ಈಗ ಅದಕ್ಕೆ ಗೊಣಗುವುದಿಲ್ಲ.

ನಮ್ಮ ಸಂಘದ ಗ್ರೂಪಿನಲ್ಲಿ ಇನ್ನು ಇಂಥ ವಿಡಿಯೋ ಬಂದರೆ ಅಡ್ಮಿನ್‌ಗಳು ತೆಗೆದುಹಾಕುತ್ತಾರೆ. ಮಜ್ಲಿಸಿಗೆ ಬರುವ ಭಾಷಣಕಾರರು ಪ್ಯಾಮ್ ರೆನಾಲ್ಡ್ಸ್ ಕತೆ ಎತ್ತಿದರೆ, ಗರಗಸ ಎಷ್ಟು ಗಂಟೆಗೆ, ಹೃದಯ ನಿಂತದ್ದು ಎಷ್ಟು ಗಂಟೆಗೆ ಎಂದು ಎದ್ದು ನಿಂತು ಅದಬಿನಿಂದ ಕೇಳಿ.